ಸಹಾಯ ಬೇಕು: ಅಜ್ಜಿಯ ಗಾದೆ ಇಂಗ್ಲಿಷಿನಲ್ಲಿ ಅರ್ಥವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಬರಹ ಬರೆದಿದ್ದೆ. ಅವರ ಗಾದೆಗಳನ್ನು ಪದಕ್ಕೆ ಪದ ಅನುವಾದಿಸಿದ್ದೆ. ಕನ್ನಡ ಬಾರದ ಗೆಳತಿ ಓದಿ, "ನಿಮ್ಮಜ್ಜಿಗೆ ಮನೆಮದ್ದು ಕಂಡರೆ ಆಗ್ತಿರಲಿಲ್ವಾ?" ಅಂದಳು. 'ಹಿತ್ತಲ ಗಿಡ ಮದ್ದಲ್ಲ' ಅನ್ನೋದನ್ನು ನಿಜವಾದ ಎಚ್ಚರಿಕೆ ಅಂದುಕೊಂಡಿದ್ದಳು! 'ತಮ್ಮ ಹಿತ್ತಲ ಗಿಡವನ್ನು ಯಾರೂ ಮದ್ದು ಅಂತ ನಂಬೋದಿಲ್ಲ' ಅಂತ ತಿರುಗಿಸಿ ಬರೆದ ಮೇಲೆ ಅರ್ಥವಾಯಿತು.

ಆದರೆ 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಅಂಗಡಿಯವರು ಎರಡು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟಾಗ ನಾನು ಸುಮ್ನೆ ಇಟ್ಟುಕೊಂಡು ಬಂದಿದ್ದೆ. ವಾಪಸ್ ಕೊಟ್ಟು ಬಾ ಅಂತ ಕಳಿಸುವಾಗ ಅಜ್ಜಿ ಆಡಿದ ಮಾತದು. ಇಲ್ಲಿ ಅಡಿಕೆ ಅಂದರೆ ತೀರಾ ಚಿಕ್ಕ ವಸ್ತು, ಅಲ್ವಾ? ಗೆಳತಿ ಅದನ್ನು ಜಗಿಯುವ ಚಟ ಅಂದುಕೊಂಡಳು. ಮುಂದೆ ವಿವರಣೆ ಸೇರಿಸಿ ನೋಡಿದೆ, ಅಜ್ಜಿ ಪಾಠ ಮಾಡಿದ ಹಾಗಾಯಿತು. ಇಂಗ್ಲಿಷಿನದೇ ಗಾದೆ ಹಾಕಿದರೆ ಅದು ಅಜ್ಜಿಯ ಮಾತೇ ಅಲ್ಲ.

'ಒಂದೇ ಒಂದು ಅಡಿಕೆಗೆ' ಅಂತ ಮಾಡಿದರೆ ಸಾಕಾ, ಇಲ್ಲ ಅಡಿಕೆ ಬಿಟ್ಟು ಬೇರೆ ಚಿಕ್ಕ ವಸ್ತು ಹಾಕಲಾ? ನೀವಾದರೆ ಆ ಸಾಲನ್ನು ಇಂಗ್ಲಿಷಿನಲ್ಲಿ ಹೇಗೆ ಬರೀತೀರಿ?