ಸಹಾಯ ಬೇಕು: ಪ್ರಬಂಧದ ತುಂಬಾ ‘ಲ್ಪಟ್ಟಿತು’, ಹೇಗೆ ತಿದ್ದಲಿ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಓದುವ ಹುಡುಗಿಯೊಬ್ಬಳು ‘ಮುಚ್ಚಿದ ಕೋಣೆ’ ಅಂತ ಒಂದು ವರ್ಣನಾತ್ಮಕ ಪ್ರಬಂಧ ಬರೆದಿದ್ದಾಳೆ. ಕಣ್ಣು ಚುರುಕು, ಆದರೆ ವಾಕ್ಯ ಮಾತ್ರ ಸರ್ಕಾರಿ ಸುತ್ತೋಲೆ ಥರ ಇದೆ. ಒಂದು ನೋಡಿ:

‘ಕೋಣೆಯ ಬಾಗಿಲು ನನ್ನಿಂದ ನಿಧಾನವಾಗಿ ತೆರೆಯಲ್ಪಟ್ಟಿತು ಮತ್ತು ಒಳಗಡೆ ಧೂಳಿನಿಂದ ಆವರಿಸಲ್ಪಟ್ಟಿದ್ದ ಒಂದು ಹಳೆಯ ಪುರಾತನ ಪೆಟ್ಟಿಗೆಯು ನೋಡಲ್ಪಟ್ಟಿತು.’

ನಾನು ಮೊದಲು ‘ಲ್ಪಟ್ಟ’ ಇರುವ ಕಡೆಯೆಲ್ಲ ಗೆರೆ ಎಳೆದು, ಆ ಕೆಲಸ ಮಾಡಿದ್ದು ಯಾರು ಅಂತ ಕೇಳಿದೆ. ‘ನಾನೇ’ ಅಂದಳು. ಹಾಗಾದರೆ ‘ನನ್ನಿಂದ’ ಯಾಕೆ, ಅಲ್ವಾ? ಹಳೆಯ, ಪುರಾತನ ಎರಡೂ ಒಂದೇ, ಒಂದನ್ನು ತೆಗೆದೆವು. ಕೊನೆಗೆ ಉಳಿದದ್ದು:

‘ಕೋಣೆಯ ಬಾಗಿಲನ್ನು ಮೆಲ್ಲಗೆ ತೆರೆದೆ. ಒಳಗೆ ಧೂಳು ಹಿಡಿದ ಹಳೆಯ ಪೆಟ್ಟಿಗೆ ಕಂಡಿತು.’

14 ಪದ ಇದ್ದದ್ದು 10 ಆಯಿತು, ಓದೋಕೂ ಹಗುರ. ಇಲ್ಲಿವರೆಗೆ ಸರಿ.

ನಾನು ಸಿಕ್ಕಿಹಾಕಿಕೊಂಡಿರೋದು ಮುಂದಿನ ವಾಕ್ಯದಲ್ಲಿ: ‘ಪೆಟ್ಟಿಗೆಯ ಬೀಗವನ್ನು ಒಡೆಯಲಾಗಿತ್ತು.’ ಒಡೆದದ್ದು ಯಾರು ಅಂತ ಅವಳಿಗೆ ಗೊತ್ತಿಲ್ಲ, ಗೊತ್ತಿಲ್ಲದಿರೋದೇ ಅಲ್ಲಿನ ಸ್ವಾರಸ್ಯ. ‘ಯಾರೋ ಬೀಗ ಒಡೆದಿದ್ದರು’ ಅಂದರೆ ಗಮನ ಆ ‘ಯಾರೋ’ ಕಡೆಗೆ ಹೋಗುತ್ತದೆ, ‘ಬೀಗ ಒಡೆದಿತ್ತು’ ಅಂದರೆ ತಾನಾಗೇ ಒಡೆದ ಹಾಗೆ ಕೇಳಿಸುತ್ತದೆ. ಇಲ್ಲಿ ಕರ್ಮಣಿ ಪ್ರಯೋಗ ಹಾಗೇ ಬಿಡಲಾ?

ಇನ್ನೊಂದು. ಹೀಗೆ ಕತ್ತರಿಸುತ್ತಾ ಹೋದರೆ ಅವಳ ದನಿಯೇ ಹೋಗಿ ನನ್ನ ಬರವಣಿಗೆ ಆಗಿಬಿಡುತ್ತದೇನೋ ಅಂತ ಭಯ. ಮಕ್ಕಳ ಬರಹ ತಿದ್ದುವವರು ಎಲ್ಲಿ ಕೈ ನಿಲ್ಲಿಸುತ್ತೀರಿ? ನೀವೇ ತಿದ್ದುತ್ತೀರಾ, ಸುಮ್ನೆ ಗೆರೆ ಎಳೆದು ಬಿಡ್ತೀರಾ?