ಉದ್ದ ಫೋಟೋ ಅಗಲ ಮಾಡುವಾಗ ಅಣ್ಣನ ಮುಖ ಅಣ್ಣನದೇ ಆಗಿರಲಿ

"ಅತ್ತೆ, ಯಕ್ಷಗಾನದಲ್ಲಿ ಅಣ್ಣನ ಅಭಿಮನ್ಯು ವೇಷದ ಫೋಟೋ ಫೋನಲ್ಲಿ ಉದ್ದಕ್ಕೆ ತೆಗೆದದ್ದು. ತಂಡದ ಫೇಸ್‌ಬುಕ್ ಪುಟದ ಕವರ್‌ಗೆ ಹಾಕಿದ್ರೆ ತಲೆಗೆ ಕಟ್ಟಿದ ಮುಂದಲೆ ಕಟ್ ಆಗ್ತದೆ. ಎಐಯಲ್ಲಿ ಅಗಲ ಮಾಡಿಸಿದ್ರೆ ಅಣ್ಣನ ಮುಖವೇ ಬೇರೆ ಆಗಿ ಬಂತು. ಏನು ಮಾಡುದು?"

ಪುಟ್ಟೀ, ನೀನು ಕಳಿಸಿದ ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಇದನ್ನು ಚುಟುಕಾಗಿ ಹೇಳಿದರೆ ಅರ್ಥ ಆಗುವುದಿಲ್ಲ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಗುಂಪಲ್ಲಿ ಬೇರೆಯವರಿಗೂ ಬೇಕಾದೀತು.

ಮೊದಲು ಮುಖ ಯಾಕೆ ಬದಲಾಯಿತು ಅಂತ. ಫೋಟೋ ಹಾಕಿ "ಇದನ್ನು ಅಗಲ ಮಾಡು" ಅಂತ ಬರೆದು ಕೇಳುವ ಎಐಗಳು ಸಾಮಾನ್ಯವಾಗಿ ನಿನ್ನ ಫೋಟೋವನ್ನು ಇದ್ದ ಹಾಗೆ ಬಿಟ್ಟು ಪಕ್ಕದಲ್ಲಿ ಸೇರಿಸುವುದಿಲ್ಲ. ಅದನ್ನು ನೋಡಿಕೊಂಡು ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ದೂರದಿಂದ ಅದೇ ಫೋಟೋ ಅನ್ನಿಸುತ್ತದೆ. ಹತ್ತಿರದಿಂದ ನೋಡು, ಹಣೆಯ ನಾಮದ ಗೆರೆ ದಪ್ಪ ಆಗಿದೆ, ಹುಬ್ಬು ಎರಡೂ ಕಡೆ ಒಂದೇ ಸಮ ಆಗಿದೆ, ಬಣ್ಣದ ಕೆಳಗೆ ಕಾಣುತ್ತಿದ್ದ ಬೆವರು ಹೋಗಿ ಕೆನ್ನೆ ನುಣ್ಣಗಾಗಿದೆ. ಕೇದಗೆ ಮುಂದಲೆಯನ್ನಂತೂ ಕಿರೀಟದ ಹಾಗೆ ಮಾಡಿಟ್ಟಿದೆ. ಬಟ್ಟೆ ಸುತ್ತಿ, ಜರಿ ಕಟ್ಟಿ ನಿಲ್ಲಿಸಿದ ಮುಂದಲೆ ಅದಕ್ಕೆ ಗೊತ್ತಿಲ್ಲ. ಗೊತ್ತಿರುವ ಯಾವುದೋ ಕಿರೀಟದ ಕಡೆಗೆ ಎಳೆದುಬಿಡುತ್ತದೆ.

ಹಾಗಾಗಿ ನಾನು ಪಾಲಿಸುವುದು ಒಂದೇ. ಹಿನ್ನೆಲೆಯನ್ನು ಎಷ್ಟು ಬೇಕಾದರೂ ಬರೆಸು, ಅಣ್ಣನ ಒಂದು ಚೂರನ್ನೂ ಬರೆಸಬೇಡ. ಮುಖ ಮಾತ್ರ ಅಲ್ಲ. ಮುಂದಲೆಯ ತುದಿ, ಭುಜಕೀರ್ತಿ, ಎದೆಕಟ್ಟು, ಕೈಯ ಬಿಲ್ಲು ಎಲ್ಲವೂ ಕ್ಯಾಮೆರಾದಲ್ಲಿ ಬಂದದ್ದೇ ಇರಬೇಕು. ಇವುಗಳಲ್ಲಿ ಯಾವುದಾದರೂ ಫೋಟೋದಲ್ಲೇ ಕಟ್ ಆಗಿದ್ದರೆ ಆ ಫೋಟೋ ಬಿಟ್ಟು ಬೇರೆ ತೆಗೆದುಕೊಳ್ಳುವುದೇ ಒಳ್ಳೆಯದು. ಇದರಲ್ಲಿ ಪುಣ್ಯಕ್ಕೆ ಮುಂದಲೆಯ ಮೇಲೆ ಸ್ವಲ್ಪ ಜಾಗ ಇದೆ, ಬಿಲ್ಲೂ ಪೂರ್ತಿ ಒಳಗಿದೆ.

ಈಗ ಅಳತೆ. ಫೇಸ್‌ಬುಕ್ ಪುಟದ ಕವರ್ ಕಂಪ್ಯೂಟರಿನಲ್ಲಿ 851 ಪಿಕ್ಸೆಲ್ ಅಗಲ, 315 ಎತ್ತರ ಕಾಣುತ್ತದೆ. ಫೋನಲ್ಲಿ 640 ಅಗಲ, 360 ಎತ್ತರ. ಎರಡೂ ಒಂದೇ ಆಕಾರ ಅಲ್ಲ, ಕಷ್ಟ ಇರುವುದು ಅಲ್ಲೇ. ಕಂಪ್ಯೂಟರಿನ ಆಕಾರಕ್ಕೆ ಮಾಡಿ ಹಾಕಿದರೆ ಫೋನಲ್ಲಿ ಎರಡೂ ಪಕ್ಕ ಕತ್ತರಿಸಿ ಹೋಗುತ್ತದೆ. ನಾವು ಚೊಕ್ಕ ಕಾಣಲಿ ಅಂತ ಎರಡರಷ್ಟು ದೊಡ್ಡದು ಮಾಡೋಣ, ಅಂದರೆ 1702 ಅಗಲ, 630 ಎತ್ತರ. ಅದರಲ್ಲಿ ಫೋನಿಗೆ ಉಳಿಯುವುದು ನಡುವಿನ 1120 ಮಾತ್ರ. ಎಡಕ್ಕೆ 291, ಬಲಕ್ಕೆ 291 ಹೋಗುತ್ತದೆ. ನಮ್ಮ ತಂಡದ ಪುಟ ನೋಡುವವರು ಹೆಚ್ಚಿನವರು ಫೋನಲ್ಲೇ ಅಲ್ವಾ? ಅದಕ್ಕೆ ಅಣ್ಣ ಆ 1120ರ ಒಳಗೇ ಇರಬೇಕು.

ಇಲ್ಲಿ ಎಲ್ಲರೂ ಮಾಡುವುದು ಏನೆಂದರೆ, ಉದ್ದ ಫೋಟೋವನ್ನು ಪೂರ್ತಿ ಇಟ್ಟುಕೊಂಡು ಎರಡೂ ಕಡೆ ಅಗಲ ಮಾಡಲಿಕ್ಕೆ ಹೊರಡುವುದು. ಲೆಕ್ಕ ಹಾಕಿ ನೋಡು. ಅಣ್ಣನ ಫೋಟೋ 3000 ಅಗಲ, 4000 ಎತ್ತರ. ಎತ್ತರವನ್ನು 630ಕ್ಕೆ ಇಳಿಸಿದರೆ ಅಗಲ ಬರೀ 472 ಆಗುತ್ತದೆ. ಉಳಿದ 1230 ಪಿಕ್ಸೆಲ್ ಎಐ ಬರೆಯಬೇಕು. ಬ್ಯಾನರಿನ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಕಟ್ಟುಕತೆ ಆಯಿತು. ಅಣ್ಣ ನಡುವೆ ಬೆರಳುದ್ದ ಕಾಣುತ್ತಾನೆ, ಮುಖ ಯಾರದ್ದೂಂತ ಫೋನಲ್ಲಿ ಗೊತ್ತೇ ಆಗುವುದಿಲ್ಲ. ಅದು ಸಹ ಅಣ್ಣನನ್ನು ಕಳೆದುಕೊಂಡ ಹಾಗೆಯೇ.

ಅದಕ್ಕೆ ಮೊದಲು ಕತ್ತರಿಸು, ಆಮೇಲೆ ಅಗಲ ಮಾಡು. ಗೆಜ್ಜೆ, ಕಾಲು, ರಂಗಸ್ಥಳದ ನೆಲ ಈ ಬ್ಯಾನರಿಗೆ ಬೇಡ. ಮುಂದಲೆಯ ತುದಿಯ ಮೇಲೆ ಚೂರು ಜಾಗ ಬಿಟ್ಟು, ಸೊಂಟದವರೆಗೆ ತೆಗೆದುಕೋ. ಎತ್ತರ ಸುಮಾರು 2000 ಬರುತ್ತದೆ. ಬಲ ಅಂಚಿನಲ್ಲಿ ಚಂಡೆಯವರ ಅರ್ಧ ಕೈ, ಒಂದು ಕೋಲು ಇದೆ ನೋಡು, ಅದನ್ನೂ ಕತ್ತರಿಸು. ಅಲ್ಲಿ 300 ಹೋದರೆ ಅಗಲ 2700 ಉಳಿಯುತ್ತದೆ. ಈಗ ಎತ್ತರ 630ಕ್ಕೆ ಇಳಿಸಿದರೆ ಅಗಲ 850. ನಡುವೆ ಇಟ್ಟರೆ ಎರಡೂ ಕಡೆ 426ರಷ್ಟು ಬರೆಸಿದರೆ ಸಾಕು. ಫೋನಿನ ಆ 1120ರ ಒಳಗೆ ನಮ್ಮ 850 ಪೂರ್ತಿ ಕೂರುತ್ತದೆ. ಫೋನಲ್ಲಿ ನೋಡುವವರಿಗೆ ಹೊಸದಾಗಿ ಬರೆದದ್ದು ಎರಡೂ ಪಕ್ಕ ಒಂದೊಂದು ಸಣ್ಣ ಪಟ್ಟಿ ಮಾತ್ರ.

ಆ ಚಂಡೆಯ ಕೈ ಯಾಕೆ ತೆಗೆಯಬೇಕು ಗೊತ್ತುಂಟಾ? ಅಂಚಿಗೆ ಏನು ತಾಗಿಕೊಂಡಿರುತ್ತದೋ ಎಐ ಅದನ್ನೇ ಮುಂದುವರಿಸುತ್ತದೆ. ಅರ್ಧ ಕೈ ಬಿಟ್ಟರೆ ಅದಕ್ಕೊಂದು ಭುಜ, ಒಂದು ತಲೆ, ಒಂದು ಅಂಗಿ ಕೊಟ್ಟು ಇಲ್ಲದ ಮನುಷ್ಯನನ್ನು ಕೂರಿಸುತ್ತದೆ. ನಿಜವಾಗಿ ಚಂಡೆ ಬಾರಿಸಿದವರ ಜಾಗದಲ್ಲಿ ಗುರುತಿಲ್ಲದ ಮುಖ ಬಂದರೆ ಅವರು ಏನೆಂದುಕೊಳ್ಳುತ್ತಾರೆ ಹೇಳು. ಎಡಗಡೆ ಇನ್ನೊಂದು ತೊಂದರೆ ಇದೆ. ಹಿಂದಿನ ಬ್ಯಾನರಿನ ಅಕ್ಷರ ಅಂಚಿನಲ್ಲಿ ಅರ್ಧಕ್ಕೆ ನಿಂತಿದೆ. ಕನ್ನಡ ಅಕ್ಷರ ಮುಂದುವರಿಸಲಿಕ್ಕೆ ಬಿಟ್ಟರೆ ಕೊಂಬು, ಒತ್ತು ಎಲ್ಲ ಸೇರಿ ಯಾರಿಗೂ ಓದಲಾಗದ್ದು ಬರುತ್ತದೆ. ಅಗಲ ಮಾಡುವ ಮೊದಲೇ ಆ ಅರ್ಧ ಅಕ್ಷರವನ್ನು Remove ಟೂಲಿನಿಂದ ಉಜ್ಜಿ ಪರದೆಯ ಬಣ್ಣ ಬರಿಸು. ತಂಡದ ಹೆಸರು ಬೇಕಾದರೆ ಕೊನೆಗೆ ನಾವೇ ಟೈಪ್ ಮಾಡಿದರಾಯಿತು.

ಅಗಲ ಮಾಡುವುದು ಹೇಗೆ? ಫೋಟೋಶಾಪ್ ಇದ್ದರೆ ಫೋಟೋವನ್ನು ಮೊದಲೇ 850ಕ್ಕೆ 630 ಮಾಡಿಕೋ. ದೊಡ್ಡದಿರುವಾಗಲೇ ಮಾಡಿಸಿದರೆ ಹೊಸ ಭಾಗ ಮಸುಕಾಗಿ ಬರುವುದುಂಟು. ಎಐ ಸಣ್ಣದಾಗಿ ಬರೆದು ಎಳೆದು ಹಿಗ್ಗಿಸಿರುತ್ತದೆ, ಫೋಟೋ ಚೂಪು, ಪಕ್ಕ ಮಂಜು ಅನ್ನುವ ಹಾಗೆ ಕಾಣುತ್ತದೆ. ಆಮೇಲೆ Crop ಟೂಲ್ ತೆಗೆದುಕೊಂಡು ಮೇಲೆ Fill ಅಂತ ಇರುವಲ್ಲಿ Generative Expand ಆರಿಸು. ಒಂದು ಕಡೆ ಎಳೆದು ಬರೆಸು, ಅದು ಸರಿ ಬಂದ ಮೇಲೆ ಇನ್ನೊಂದು ಕಡೆ. ಒಟ್ಟಿಗೆ ಮಾಡಿದರೆ ಎಡ ಚೆನ್ನಾಗಿ ಬಂದಾಗ ಬಲ ಹಾಳಾಗಿರುತ್ತದೆ. ಒಂದು ಸಲಕ್ಕೆ ಮೂರು ನಮೂನೆ ಕೊಡುತ್ತದೆ. ಹೊಸದು ಬೇರೆ ಲೇಯರಿನಲ್ಲಿ ಬರುವುದರಿಂದ ಕೆಳಗಿನ ಫೋಟೋ ಇದ್ದ ಹಾಗೇ ಇರುತ್ತದೆ.

ಬರೆಯುವ ಜಾಗದಲ್ಲಿ ಏನೂ ಬರೆಯದೆ ಖಾಲಿ ಬಿಟ್ಟು ಒಮ್ಮೆ ನೋಡು. ಸರಿ ಬಾರದಿದ್ದರೆ ಪಕ್ಕದಲ್ಲಿ ಏನು ಬೇಕೋ ಅದನ್ನು ಮಾತ್ರ ಬರೆ:

```
plain dark red stage curtain, out of focus, same light
```

ಯಕ್ಷಗಾನ, ಅಭಿಮನ್ಯು, ವೇಷಧಾರಿ ಅಂತೆಲ್ಲ ಬರೆಯಲೇಬೇಡ. ಅದು ಫೋಟೋ ಯಾರದ್ದು ಅಂತ ತಿಳಿದುಕೊಳ್ಳುವುದಿಲ್ಲ, ಖಾಲಿ ಜಾಗದಲ್ಲಿ ಏನು ಬೇಕು ಅಂತ ತಿಳಿದುಕೊಳ್ಳುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಅಭಿಮನ್ಯು ಬಂದು ನಿಲ್ಲುತ್ತಾನೆ.

ಫೋಟೋಶಾಪ್ ಇಲ್ಲದವರಿಗೆ ಸ್ನ್ಯಾಪ್‌ಸೀಡ್ ಸಾಕು, ಫೋನಲ್ಲೇ ಪುಕ್ಕಟೆ. ಅದರಲ್ಲಿ Expand ತೆರೆದು Smart ಆರಿಸಿ ಪಕ್ಕಕ್ಕೆ ಎಳೆಯಬೇಕು. ಅದು ಹೊಸದಾಗಿ ಕಲ್ಪಿಸಿ ಬರೆಯುವುದಿಲ್ಲ, ಅಂಚಿನ ಬಣ್ಣ, ಮಡಿಕೆಗಳನ್ನೇ ಹರಡುತ್ತದೆ. ಈ ಫೋಟೋದ ಹಾಗೆ ಹಿಂದೆ ಬರೀ ಪರದೆ ಇದ್ದರೆ ನನಗೆ ಅದೇ ಹೆಚ್ಚು ಇಷ್ಟ. ಸ್ವಲ್ಪ ಸ್ವಲ್ಪವೇ ಎಳೆ. ಒಮ್ಮೆಗೇ ಜಾಸ್ತಿ ಎಳೆದರೆ ಪರದೆಯ ಒಂದೇ ಮಡಿಕೆ ಮತ್ತೆ ಮತ್ತೆ ಬರುತ್ತದೆ, ಭುಜಕೀರ್ತಿ ಅಂಚಿಗೆ ಹತ್ತಿರ ಇದ್ದರೆ ಅದರ ಹೊಳಪಿನ ತುಂಡೂ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಮುಗಿದ ಮೇಲೆ ಎರಡು ಕಡೆ ಕಣ್ಣು ಹಾಯಿಸು. ಒಂದು, ಹಳೆಯದು ಹೊಸದು ಸೇರುವ ಗೆರೆ. ರಾತ್ರಿ ಆಟದ ಫೋಟೋದಲ್ಲಿ ಕತ್ತಲೆಯ ಜಾಗದಲ್ಲಿ ಮರಳು ಚೆಲ್ಲಿದ ಹಾಗೆ ಕಾಳು ಕಾಳು ಇರುತ್ತದೆ, ಅದಕ್ಕೇ ನಾಯ್ಸ್ ಅನ್ನುವುದು. ಎಐ ಬರೆದ ಭಾಗ ನುಣ್ಣಗಿರುತ್ತದೆ. ಮುಖ ಎಷ್ಟು ಚೆನ್ನಾಗಿದ್ದರೂ ಆ ಗೆರೆ ಕಂಡರೆ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. ಹೊಸ ಭಾಗಕ್ಕೆ ಮಾತ್ರ ಸ್ವಲ್ಪ ನಾಯ್ಸ್ ಸೇರಿಸಿದರೆ ಮಾಯ. ಎರಡು, ಬೆಳಕು. ಫೋಟೋದಲ್ಲಿ ಎಡಗಡೆಗೆ ಕಾಣುವ ಅಣ್ಣನ ಕೆನ್ನೆ ಬೆಳಗಿದೆ, ಬೆಳಕು ಆ ಕಡೆಯಿಂದ ಬಂದಿದೆ. ಹೊಸದಾಗಿ ಬರೆದ ಬಲಗಡೆಯ ಪರದೆ ಎಡಕ್ಕಿಂತ ಬೆಳ್ಳಗಿದ್ದರೆ ಆ ನಮೂನೆ ಬಿಟ್ಟುಬಿಡು.

ನೀನು ಮಾಡಿಸಿದ ಹಾಗೆ ಮುಖ ಬದಲಾಗಿದೆಯೋ ಇಲ್ಲವೋ ಅಂತ ಸಂಶಯ ಬಂದರೆ ಕಣ್ಣನ್ನು ನಂಬಬೇಡ. ಬ್ರೌಸರಿನಲ್ಲಿ ಫೋಟೋಪಿಯಾ ತೆರೆ, ಅದಕ್ಕೂ ದುಡ್ಡಿಲ್ಲ. ಹೊಸ ಬ್ಯಾನರನ್ನು ಕೆಳಗೆ ಇಡು, ನಮ್ಮ 850ರ ಮೂಲ ಫೋಟೋವನ್ನು ಅದರ ಮೇಲೆ ಸರಿಯಾಗಿ ಕೂರಿಸಿ ಲೇಯರಿನ ಬ್ಲೆಂಡ್ ಮೋಡ್ ಅನ್ನು Difference ಮಾಡು. ಎರಡೂ ಒಂದೇ ಇದ್ದ ಜಾಗ ಕಪ್ಪಾಗುತ್ತದೆ. ಬದಲಾದ ಜಾಗ ಮಾತ್ರ ಹೊಳೆಯುತ್ತದೆ. ಜೆಪಿಜಿ ಆಗಿ ಸೇವ್ ಮಾಡಿದ್ದಾದರೆ ಅಲ್ಲಲ್ಲಿ ಮಂಕಾದ ಚುಕ್ಕಿ ಕಂಡರೆ ತೊಂದರೆ ಇಲ್ಲ. ಕಣ್ಣು, ಮೂಗು, ನಾಮದ ಗೆರೆ ಆಕಾರ ಹಿಡಿದು ಹೊಳೆದರೆ ಅದು ಮುಖವನ್ನು ಮುಟ್ಟಿದೆ ಅಂತಲೇ ಅರ್ಥ. ಆಗ ಬ್ಲೆಂಡ್ ಮೋಡ್ ಅನ್ನು ಮತ್ತೆ Normal ಮಾಡಿ, ಮೇಲಿನ ಮೂಲ ಫೋಟೋವನ್ನು ಹಾಗೇ ಉಳಿಸಿ, ಅದರ ಎಡ ಬಲ ಅಂಚನ್ನು ಮಾತ್ರ ಮೆತ್ತಗಿನ ಬ್ರಷ್‌ನಿಂದ ಒಂದು 20 ಪಿಕ್ಸೆಲ್‌ನಷ್ಟು ಅಳಿಸು. ಆ ಅಂಚಿನಲ್ಲಿ ಪರದೆ ಮಾತ್ರ ಇರಬೇಕು, ಭುಜಕೀರ್ತಿ ಇರಬಾರದು. ಎಐ ಬರೆದ ಮುಖ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಮತ್ತೊಂದು ಮಾತು. ಖಾಲಿ ಪಕ್ಕ ಇದೆ ಅಂತ ಜನಸಂದಣಿ, ದೊಡ್ಡ ದೊಡ್ಡ ಲೈಟು ಬರೆಸುವ ಆಸೆ ತಂಡದ ಹುಡುಗರಿಗೆ ಬರುತ್ತದೆ. ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಪರದೆ ಸ್ವಲ್ಪ ಅಗಲ ಆದರೆ ಯಾರಿಗೂ ಮೋಸ ಇಲ್ಲ. ಆವತ್ತು ಬಾರದ ಪ್ರೇಕ್ಷಕರನ್ನು ತೋರಿಸುವುದು ಬೇರೆ. ಕವರಿನಲ್ಲಿ ಕೆಳಗೆ ಎಡಗಡೆಗೆ ಪ್ರೊಫೈಲ್ ಫೋಟೋ ಬಂದು ಕೂರುತ್ತದೆ, ಆದ್ದರಿಂದ ಅಲ್ಲಿ ಹೆಸರು ಬರೆಯಬೇಡಿ, ಬಿಲ್ಲಿನ ತುದಿಯೂ ಅಲ್ಲಿಗೆ ಬರದ ಹಾಗೆ ನೋಡಿಕೊಳ್ಳಿ. ಬಂದರೆ ಫೋಟೋವನ್ನು ಚೂರು ಬಲಕ್ಕೆ ಸರಿಸು. ಬಲಕ್ಕೆ 135ರವರೆಗೆ ಸರಿಸಿದರೂ ಫೋನಲ್ಲಿ ಕಟ್ ಆಗುವುದಿಲ್ಲ, ಎಡಗಡೆ ಅಷ್ಟು ಜಾಸ್ತಿ ಬರೆಸಬೇಕು ಅಷ್ಟೆ.

ನೀನು ಇಲ್ಲಿ ಹಾಕಿದ್ದು ವಾಟ್ಸಾಪ್ ಸಣ್ಣ ಮಾಡಿದ ಫೋಟೋ, ಅದರಲ್ಲಿ ಮುಂದಲೆಯ ಜರಿ ಎಲ್ಲ ಕಲಸಿಹೋಗಿದೆ. ಅಣ್ಣನ ಫೋನಿಂದಲೇ ಮೂಲದ್ದನ್ನು ಡಾಕ್ಯುಮೆಂಟ್ ಅಂತ ಆರಿಸಿ ನನಗೆ ಬೇರೆ ಕಳಿಸು. ಆವತ್ತೇ ತೆಗೆದ ಬೇರೆ ಫೋಟೋ ಇದ್ದರೆ ಅವನ್ನೂ ಕಳಿಸು, ಎರಡೂ ಪಕ್ಕ ಪರದೆ ಜಾಸ್ತಿ ಇರುವುದು ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳೋಣ.