ಪದಚರ್ಚೆ: 1944ರ ನಂತರದ ವ್ಯವಸ್ಥೆಯನ್ನೂ ‘ಸುವರ್ಣಮಾನ’ ಅನ್ನಬಹುದಾ?

ವಿದ್ಯಾ:
ಎಲ್ಲರಿಗೂ ನಮಸ್ಕಾರ. ಹಣದ ಇತಿಹಾಸದ ಬಗ್ಗೆ ಒಂದು ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಣ್ಯದ ಬೆಲೆಯನ್ನು ಇಷ್ಟು ಚಿನ್ನ ಎಂದು ಕಟ್ಟಿಡುವ ಗೋಲ್ಡ್ ಸ್ಟ್ಯಾಂಡರ್ಡ್‌ಗೆ ಸದ್ಯ ‘ಚಿನ್ನದ ಮಾನಕ’ ಎಂದು ಬರೆದಿದ್ದೇನೆ. ‘ಸುವರ್ಣಮಾನ’ ಇನ್ನೂ ಚೆನ್ನಾಗಿದೆಯೇನೋ. ತೊಡಕು ಬರುವುದು ಮುಂದಿನ ಅಧ್ಯಾಯದಲ್ಲಿ. 1944ರಲ್ಲಿ ಹಲವು ದೇಶಗಳು ಸೇರಿ ನಾಣ್ಯಗಳ ದರ ಕಟ್ಟಿದ ಬ್ರೆಟನ್ ವುಡ್ಸ್ ಒಪ್ಪಂದದಲ್ಲೂ ಔನ್ಸ್ ಚಿನ್ನಕ್ಕೆ 35 ಡಾಲರ್ ಎಂದು ಕಟ್ಟಿದ್ದರು. ಅದಕ್ಕೂ ಇದೇ ಪದ ಸಾಕಾ? ಹಾಗೆಯೇ ಡಿವ್ಯಾಲ್ಯುಯೇಶನ್, ಡಿಪ್ರಿಸಿಯೇಶನ್ ಎರಡಕ್ಕೂ ‘ಅಪಮೌಲ್ಯ’ ಅಂದರೆ ನಡೆಯುತ್ತದಾ?

ಶಾರದಾ, ಪುತ್ತೂರು:
ಮಾನಕ ಅಂದರೆ 916 ಮುದ್ರೆ ಅಲ್ವಾ? ಅಂಗಡಿಯವರೂ ಹಾಗೇ ಹೇಳುತ್ತಾರೆ. ನಮ್ಮಲ್ಲಿ ಅಜ್ಜಿಯ ಕಾಲದ ಎರಡು ಪವನು ಇದೆ, ರಾಜನ ತಲೆ ಇರುವಂಥದ್ದು. ಅದಕ್ಕೆ ಆ ಮುದ್ರೆ ಇಲ್ಲ. ಮಾರುವಾಗ ತೊಂದರೆ ಆಗುತ್ತದಾ?

ನವೀನ್:
ಶಾರದಕ್ಕ, ಅದು ಬೇರೆ ವಿಷಯ! ವಿದ್ಯಾ ಅವರೇ, ಎರಡೂ ಒಂದೇ ಅನ್ನಿ. ಮೊದಲು ಪೌಂಡ್ ಕೊಟ್ಟರೆ ಚಿನ್ನ ಸಿಗುತ್ತಿತ್ತು. ಆಮೇಲೆ ಡಾಲರ್ ಕೊಟ್ಟರೆ ಚಿನ್ನ ಸಿಗುತ್ತಿತ್ತು. 1971ರಲ್ಲಿ ಅಮೆರಿಕದ ಚಿನ್ನ ಖಾಲಿಯಾಯಿತು, ಅಧ್ಯಕ್ಷ ನಿಕ್ಸನ್ ಚಿನ್ನ ಕೊಡುವ ಬಾಗಿಲು ಹಾಕಿದರು. ಅಷ್ಟೇ ಕಥೆ.

ಶ್ರೀಪಾದ, ಧಾರವಾಡ:
ಅಷ್ಟೇ ಅಲ್ಲ ನವೀನ್. ಡಾಲರ್ ಕೊಟ್ಟವರು ಯಾರು ಅನ್ನುವುದನ್ನು ನೀವು ಬಿಟ್ಟಿರಿ.

ಮೊದಲು ಹಳೆಯದನ್ನು ನೋಡೋಣ. 1914ಕ್ಕೆ ಮುಂಚೆ ಒಂದು ಪೌಂಡ್ ಅಂದರೆ 7.32 ಗ್ರಾಂ ಶುದ್ಧ ಚಿನ್ನ. ಒಂದು ಡಾಲರ್ ಅಂದರೆ ಸುಮಾರು ಒಂದೂವರೆ ಗ್ರಾಂ. ಭಾಗಿಸಿದರೆ ಪೌಂಡಿಗೆ 4.8665 ಡಾಲರ್. ಈ ದರವನ್ನು ಯಾವ ಸರ್ಕಾರವೂ ದಿನಾ ಕೂತು ಕಾಯಬೇಕಿರಲಿಲ್ಲ. ಲಂಡನ್ನಿನ ಹತ್ತಿ ವ್ಯಾಪಾರಿ ನ್ಯೂಯಾರ್ಕಿಗೆ ಡಾಲರ್ ಕಟ್ಟಬೇಕು ಅಂದುಕೊಳ್ಳಿ. ಪೇಟೆಯಲ್ಲಿ ಅವನ ಪೌಂಡಿಗೆ 4.80 ಮಾತ್ರ ಸಿಕ್ಕರೆ ಅವನು ಡಾಲರ್ ಕೊಳ್ಳುವುದೇ ಇಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಪೌಂಡ್ ಕೊಟ್ಟು ಚಿನ್ನ ತೆಗೆದುಕೊಂಡು ಹಡಗಿಗೆ ಹಾಕುತ್ತಾನೆ. ಸಾಗಣೆ, ವಿಮೆ ಎಲ್ಲ ಸೇರಿ ಪೌಂಡಿಗೆ ಎರಡು ಮೂರು ಸೆಂಟ್ ಖರ್ಚು. ಹಾಗಾಗಿ ದರ 4.84ರ ಆಸುಪಾಸಿನಿಂದ ಕೆಳಗೆ ಹೆಚ್ಚು ಇಳಿಯುತ್ತಲೇ ಇರಲಿಲ್ಲ.

ಚಿನ್ನ ಹೊರಗೆ ಹೋಗತೊಡಗಿದರೆ ಬ್ಯಾಂಕ್ ಬಡ್ಡಿ ಏರಿಸುತ್ತಿತ್ತು. ಹೊರಗಿನ ದುಡ್ಡು ಲಂಡನ್ನಿಗೆ ಬರುತ್ತಿತ್ತು. ಒಳಗೆ ಸಾಲ ತುಟ್ಟಿ, ವ್ಯಾಪಾರ ಮಂದ, ಕೊನೆಗೆ ಬೆಲೆ ಮತ್ತು ಕೂಲಿ ಇಳಿಕೆ. ಅಂದರೆ ದರವನ್ನು ಕಾಯುತ್ತಿದ್ದದ್ದು ಚಿನ್ನ. ಅದರ ಬೆಲೆ ತೆರುತ್ತಿದ್ದದ್ದು ಕೂಲಿಕಾರ.

ಮೊದಲ ಮಹಾಯುದ್ಧದ ನಂತರ ಇದು ನಡೆಯಲಿಲ್ಲ. 1925ರಲ್ಲಿ ಚರ್ಚಿಲ್ ಹಣಕಾಸು ಮಂತ್ರಿಯಾಗಿ ಹಳೆಯ 4.86ಕ್ಕೇ ಪೌಂಡನ್ನು ಮತ್ತೆ ತಂದು ನಿಲ್ಲಿಸಿದರು. ಬ್ರಿಟನ್ನಿನ ಬೆಲೆಗಳು ಆ ದರಕ್ಕೆ ಜಾಸ್ತಿಯಾಗಿದ್ದವು. ಇಳಿಸಬೇಕೆಂದರೆ ಕೂಲಿ ಕಡಿಯಬೇಕು. ಗಣಿ ಕೂಲಿ ಕಡಿಯಲು ಹೋದಾಗ 1926ರ ಸಾರ್ವತ್ರಿಕ ಮುಷ್ಕರ ಆಯಿತು. ಈಗ ಕೂಲಿಕಾರನ ಕೈಯಲ್ಲಿ ವೋಟಿತ್ತು, ಸಂಘ ಇತ್ತು. 1931ರ ಮೇ ತಿಂಗಳಲ್ಲಿ ವಿಯೆನ್ನಾದ ಕ್ರೆಡಿಟಾನ್ಸ್ಟಾಲ್ಟ್ ಬ್ಯಾಂಕ್ ಬಿತ್ತು. ಭಯ ಜರ್ಮನಿಗೆ, ಅಲ್ಲಿಂದ ಲಂಡನ್ನಿಗೆ ಹರಡಿತು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ ಕೆಲಸವಿಲ್ಲದೆ ಕೂತಿದ್ದಾಗ ಬಡ್ಡಿಯನ್ನು ಇನ್ನೂ ಏರಿಸುತ್ತಾ ಹೋಗುವ ಧೈರ್ಯ ಯಾರಿಗಿತ್ತು? ಸೆಪ್ಟೆಂಬರ್ 21ಕ್ಕೆ ಪೌಂಡ್ ಚಿನ್ನ ಬಿಟ್ಟಿತು.

ಶಾರದಕ್ಕ, ನಿಮ್ಮ ಪವನು ಇದೇ ಕಥೆಯದ್ದು. ಅದು ಇಂಗ್ಲೆಂಡಿನ ಸಾವರಿನ್ ಆಗಿದ್ದರೆ ತೂಕ 8 ಗ್ರಾಂಗೆ ಕೂದಲೆಳೆ ಕಡಿಮೆ, 22 ಕ್ಯಾರೆಟ್. ಅಂದರೆ ನಿಮ್ಮ 916ರಷ್ಟೇ ಶುದ್ಧ. ಅದರೊಳಗಿನ ಶುದ್ಧ ಚಿನ್ನವೇ ಆ 7.32 ಗ್ರಾಂ.

ಶಾರದಾ, ಪುತ್ತೂರು:
ಹಾಗಾದರೆ ಆಗ ನಮ್ಮ ರೂಪಾಯಿಗೂ ಚಿನ್ನ ಕೊಡುತ್ತಿದ್ದರಾ? ನಮ್ಮಜ್ಜಿ ಆ ಕಾಲದಲ್ಲಿ ಊರಿನ ಎಷ್ಟೋ ಹೆಂಗಸರು ಸರ ಮಾರಿದರು ಅನ್ನುತ್ತಿದ್ದರು.

ಶ್ರೀಪಾದ, ಧಾರವಾಡ:
ಅಜ್ಜಿ ಹೇಳಿದ್ದು ಆ ವರ್ಷಗಳದ್ದೇ ಇರಬೇಕು. ರೂಪಾಯಿ ಬೆಳ್ಳಿಯ ನಾಣ್ಯ. ಅದನ್ನು ಪೌಂಡಿಗೆ ಕಟ್ಟಿ, ಪೌಂಡಿನ ಮೂಲಕ ಚಿನ್ನಕ್ಕೆ ಕಟ್ಟಿದ್ದರು. 1927ರ ನಂತರ ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್. 1931ರಲ್ಲಿ ಪೌಂಡ್ ಚಿನ್ನ ಬಿಟ್ಟಾಗ ರೂಪಾಯಿಯನ್ನು ಪೌಂಡಿಗೇ ಕಟ್ಟಿ ಇಟ್ಟರು. ಹಾಗಾಗಿ ಪೌಂಡಿನ ಜೊತೆ ರೂಪಾಯಿಯೂ ಇಳಿದು, ತೊಲಕ್ಕೆ 21 ರೂಪಾಯಿ ಚಿಲ್ಲರೆ ಇದ್ದ ಚಿನ್ನ ರೂಪಾಯಿ ಲೆಕ್ಕದಲ್ಲಿ ಏರಿತು. ಅದೇ ಹೊತ್ತಿಗೆ ಬೆಳೆಯ ಬೆಲೆ ನೆಲಕಚ್ಚಿತ್ತು. ಕಂದಾಯ, ಸಾಲ ತೀರಿಸಲು ರೈತರು ಒಡವೆ ಮಾರಿದರು. ಮುಂಬಯಿಯಿಂದ ಲಂಡನ್ನಿಗೆ ಹಡಗುಗಟ್ಟಲೆ ಚಿನ್ನ ಹೋಯಿತು.

ವಿದ್ಯಾ:
ಸರ್, 1944ರದ್ದು ಹೇಗೆ ಬೇರೆ?

ಶ್ರೀಪಾದ, ಧಾರವಾಡ:
ಅಲ್ಲಿ ವ್ಯಾಪಾರಿಗೆ ಚಿನ್ನ ಸಿಗುತ್ತಿರಲಿಲ್ಲ. ಅಮೆರಿಕದವರು 1933ರಿಂದ 1974ರ ಕೊನೆಯವರೆಗೆ ಚಿನ್ನದ ಗಟ್ಟಿ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. 35 ಡಾಲರಿಗೆ ಔನ್ಸ್ ಕೇಳುವ ಹಕ್ಕು ಬೇರೆ ದೇಶಗಳ ಸರ್ಕಾರ ಮತ್ತು ಕೇಂದ್ರ ಬ್ಯಾಂಕುಗಳಿಗೆ ಮಾತ್ರ. ಉಳಿದ ದೇಶಗಳು ತಮ್ಮ ನಾಣ್ಯವನ್ನು ಡಾಲರಿಗೆ ಕಟ್ಟಿ, ನಿಗದಿ ದರದಿಂದ ಶೇಕಡಾ 1ರಷ್ಟು ಮಾತ್ರ ಆಚೀಚೆ ಆಗಲು ಬಿಡುತ್ತಿದ್ದವು. ದರ ಅದಕ್ಕಿಂತ ಇಳಿಯುವ ಹಾಗಿದ್ದರೆ ಕೇಂದ್ರ ಬ್ಯಾಂಕೇ ತನ್ನಲ್ಲಿದ್ದ ಡಾಲರ್ ಮಾರಿ ಹಿಡಿಯಬೇಕು. ಕೈಲಾಗದಿದ್ದರೆ ಐಎಂಎಫ್‌ನಲ್ಲಿ ಸಾಲ. ಅದೂ ಸಾಲದಿದ್ದರೆ ದರವನ್ನೇ ಬದಲಿಸಲು ಅವಕಾಶ ಇತ್ತು. 1966ರ ಜೂನ್ 6ರಂದು ನಾವು ಮಾಡಿದ್ದು ಅದನ್ನೇ. ಡಾಲರಿಗೆ 4.76 ರೂಪಾಯಿ ಇದ್ದದ್ದು ಒಂದೇ ಏಟಿಗೆ 7.50 ಆಯಿತು. ಇದು ‘ಅಪಮೌಲ್ಯ’, ಸರ್ಕಾರವೇ ಮಾಡುವುದು. ಇವತ್ತು ಪೇಟೆಯಲ್ಲಿ ರೂಪಾಯಿ ಇಳಿದರೆ ಅದು ‘ಕುಸಿತ’. ಎರಡಕ್ಕೂ ಒಂದೇ ಪದ ಬೇಡ.

ಈ ವ್ಯವಸ್ಥೆ ಮುರಿದದ್ದು ಯಾಕೆ ಅಂದರೆ, ವ್ಯಾಪಾರ ಬೆಳೆದಂತೆ ಜಗತ್ತಿಗೆ ಹೆಚ್ಚು ಹೆಚ್ಚು ಡಾಲರ್ ಬೇಕು. ಅದು ಹೊರಗೆ ಬರಬೇಕೆಂದರೆ ಅಮೆರಿಕ ಗಳಿಸಿದ್ದಕ್ಕಿಂತ ಜಾಸ್ತಿ ಹೊರಗೆ ಕೊಡಬೇಕು. ಕೊಟ್ಟಷ್ಟೂ ಅದರ ಚಿನ್ನದ ಮೇಲಿನ ಹಕ್ಕುದಾರರು ಹೆಚ್ಚುತ್ತಾರೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಟ್ರಿಫಿನ್ ಇದನ್ನು 1960ರಲ್ಲೇ ಹೇಳಿದ್ದರು. ಆ ವರ್ಷದ ಅಕ್ಟೋಬರಿನಲ್ಲೇ ಲಂಡನ್ ಪೇಟೆಯಲ್ಲಿ ಔನ್ಸ್ 40 ಡಾಲರ್ ಮುಟ್ಟಿತು. ಎಂಟು ದೇಶಗಳು ಸೇರಿ ಪೇಟೆಗೆ ಚಿನ್ನ ಸುರಿದು ಬೆಲೆ ಹಿಡಿದವು. 1968ರ ಮಾರ್ಚಿನಲ್ಲಿ ಅದೂ ಕೈಬಿಟ್ಟು, ಪೇಟೆಗೊಂದು ಬೆಲೆ, ಸರ್ಕಾರಗಳಿಗೊಂದು ಬೆಲೆ ಅಂದರು. ಆಗಲೇ ಅರ್ಧ ಮುಗಿದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನವೀನ್, ಚಿನ್ನ ಖಾಲಿಯಾಗಿರಲಿಲ್ಲ. 1949ರಲ್ಲಿ ಸುಮಾರು 2,400 ಕೋಟಿ ಡಾಲರಿನಷ್ಟು ಇದ್ದದ್ದು 1971ಕ್ಕೆ 1,000 ಕೋಟಿಯ ಆಸುಪಾಸಿಗೆ ಇಳಿದಿತ್ತು. ಹೊರದೇಶಗಳ ಕೈಯಲ್ಲಿದ್ದ ಡಾಲರ್ ಅದಕ್ಕಿಂತ ತುಂಬಾ ಜಾಸ್ತಿ. ಎಲ್ಲರೂ ಒಟ್ಟಿಗೆ ಕೇಳಿದರೆ ಕೊಡಲು ಆಗುವುದಿಲ್ಲ ಎಂದು ಗೊತ್ತಾದದ್ದೇ, ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸುತ್ತೇವೆ ಎಂಬ ನಿಕ್ಸನ್‌ರ 1971ರ ಆಗಸ್ಟ್ 15ರ ಘೋಷಣೆಗೆ ಕಾರಣ.

ನವೀನ್:
ಒಪ್ಪಿದೆ ಸರ್, ‘ಖಾಲಿ’ ತಪ್ಪು. ಆದರೆ ಟ್ರಿಫಿನ್ ಹೇಳಿದ್ದಕ್ಕಿಂತ ವಿಯೆಟ್ನಾಂ ಯುದ್ಧದ ಖರ್ಚೇ ದೊಡ್ಡ ಕಾರಣ ಅಲ್ವಾ? ಅಮೆರಿಕ ಬೆಲೆಯೇರಿಕೆ ಹಿಡಿದಿದ್ದರೆ ಇನ್ನೂ ಎಷ್ಟೋ ವರ್ಷ ನಡೆಯುತ್ತಿತ್ತು.

ಶ್ರೀಪಾದ, ಧಾರವಾಡ:
ಯುದ್ಧ ಅದನ್ನು ಬೇಗ ಮಾಡಿತು, ನಿಜ. ಆದರೆ 1960ರ ಗಾಬರಿಗೆ ವಿಯೆಟ್ನಾಂ ಕಾರಣ ಅನ್ನಲು ಬರುವುದಿಲ್ಲವಲ್ಲ. ಪಂಡಿತರೂ ಇದರಲ್ಲಿ ಒಮ್ಮತಕ್ಕೆ ಬಂದಿಲ್ಲ, ನಾವು ಬಿಡೋಣ.

ವಿದ್ಯಾ:
ಧನ್ಯವಾದ. ಶಾರದಕ್ಕನ ಪ್ರಶ್ನೆಯಿಂದಲೇ ‘ಮಾನಕ’ ಬಿಟ್ಟೆ. 1914ರ ಮುಂಚಿನದಕ್ಕೆ ‘ಸುವರ್ಣಮಾನ’, 1944ರದ್ದಕ್ಕೆ ‘ಡಾಲರ್ ಕಟ್ಟಿನ ಸ್ಥಿರ ದರ’ ಎಂದು ಇಡುತ್ತೇನೆ. 1971ರ ಡಿಸೆಂಬರಿನಲ್ಲಿ ಔನ್ಸಿಗೆ 38 ಡಾಲರ್ ಎಂದು ಬದಲಿಸಿದರಲ್ಲ, ಆಗ ಯಾರಿಗೂ ಚಿನ್ನ ಕೊಡುತ್ತಲೇ ಇರಲಿಲ್ಲ. ಆದರೂ ಅದು ಡಾಲರಿನ ಅಪಮೌಲ್ಯವೇ ತಾನೇ? 1973ರ ಮಾರ್ಚಿನಲ್ಲಿ ದೊಡ್ಡ ನಾಣ್ಯಗಳು ಡಾಲರಿನ ಕಟ್ಟು ಬಿಚ್ಚಿಕೊಂಡದ್ದಕ್ಕೆ ‘ತೇಲುವ ದರ’ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.

ಶಾರದಾ, ಪುತ್ತೂರು:
ಪವನು ಮಾರುವುದರ ಬಗ್ಗೆ ಯಾರೂ ಹೇಳಲೇ ಇಲ್ಲ.